ಕಾರ್ಬೊನೇಟಾ, ಸಿಟ್ರೇಟಾ? ಕ್ಯಾಲ್ಸಿಯಂ ಮಾತ್ರೆ ಆರಿಸುವ ಮುಂಚೆ

ಟೀಚರಮ್ಮ ಎರಡು ಸ್ಟ್ರಿಪ್ ತಂದು ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಅವರು ವರ್ಷಗಳಿಂದ ನಮ್ಮಲ್ಲೇ ಕೊಳ್ಳುತ್ತಿದ್ದದ್ದು. ಇನ್ನೊಂದು ಬೆಂಗಳೂರಿನಿಂದ ಮಗ ತಂದುಕೊಟ್ಟದ್ದು. "ನೋಡಪ್ಪಾ, ಇದರಲ್ಲೂ 1250 ಅಂತಿದೆ, ಅದರಲ್ಲೂ 1250 ಅಂತಿದೆ. ಮಗ ತಂದಿದ್ದಕ್ಕೆ ದುಡ್ಡು ಜಾಸ್ತಿ. ಎರಡೂ ಒಂದೇ ಅಲ್ವಾ? ಸುಮ್ನೆ ಯಾಕೆ ಜಾಸ್ತಿ ಕೊಡಬೇಕು?"

ಒಂದೇ ಅಲ್ಲ. ಹಾಗಂತ ದುಬಾರಿಯದ್ದೇ ಒಳ್ಳೆಯದು ಅಂತಲೂ ಅಲ್ಲ. ಔಷಧಿ ಅಂಗಡಿಯಲ್ಲಿ ನಿಂತವನಿಗೆ ವಾರಕ್ಕೆ ಮೂರು ನಾಲ್ಕು ಸಲ ಬರುವ ಪ್ರಶ್ನೆ ಇದು. ಟೀಚರಮ್ಮನ ವಿಷಯದಲ್ಲಿ ಎಲ್ಲ ತೊಡಕೂ ಒಟ್ಟಿಗೇ ಇದ್ದವು. ಅವರಿಗೆ 63 ವರ್ಷ, ಮೂಳೆ ಸವೆದಿದೆ. ಎಂಟು ವರ್ಷದ ಹಿಂದೆ ಮೂತ್ರದಲ್ಲಿ ಕಲ್ಲು ಹೋಗಿತ್ತು. ದಿನಾ ಬೆಳಗ್ಗೆ ಥೈರಾಯ್ಡ್ ಮಾತ್ರೆ, ಆಮೇಲೆ ಗ್ಯಾಸಿನ ಮಾತ್ರೆ. ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆದಮೇಲೆ "ಕ್ಯಾಲ್ಸಿಯಂ ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತಂತೆ" ಅನ್ನುವ ಭಯ ಬೇರೆ. ಅವರ ಒಪ್ಪಿಗೆ ಕೇಳಿಯೇ ಅವರ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆ 1250ರ ಗೊಂದಲ ಬಿಡಿಸೋಣ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಕಾಣುವುದು ಲವಣದ ತೂಕ. ನಮಗೆ ಬೇಕಾದದ್ದು ಅದರೊಳಗಿನ ಕ್ಯಾಲ್ಸಿಯಂ ಎಷ್ಟು ಅನ್ನುವುದು. ಅದನ್ನು ಎಲಿಮೆಂಟಲ್ ಕ್ಯಾಲ್ಸಿಯಂ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ನೂರಕ್ಕೆ 40 ಪಾಲು ಕ್ಯಾಲ್ಸಿಯಂ. ಹಾಗಾಗಿ 1250 ಮಿ.ಗ್ರಾಂ ಕಾರ್ಬೊನೇಟ್ ಅಂದರೆ 500 ಮಿ.ಗ್ರಾಂ ಕ್ಯಾಲ್ಸಿಯಂ. ಸಿಟ್ರೇಟಿನಲ್ಲಿ ನೂರಕ್ಕೆ 21 ಪಾಲು ಮಾತ್ರ. ಮಗ ತಂದದ್ದು ಸಿಟ್ರೇಟ್ ಮ್ಯಾಲೇಟ್, ಅಂದರೆ ಸಿಟ್ರೇಟಿನ ದಾಯಾದಿ. ಅದರ 1250ರಲ್ಲಿ ಕ್ಯಾಲ್ಸಿಯಂ ಸುಮಾರು 250. ಅಂದರೆ ಹಳೆಯ ಒಂದು ಮಾತ್ರೆಗೆ ಹೊಸದು ಎರಡು ಬೇಕು. ಬೆಲೆಯನ್ನೂ ಹಾಗೇ ಹೋಲಿಸಬೇಕು. ಒಂದು ಸ್ಟ್ರಿಪ್ಪಿಗೆ ಎಷ್ಟು ಅನ್ನುವ ಬದಲು 500 ಮಿ.ಗ್ರಾಂ ಕ್ಯಾಲ್ಸಿಯಂಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಹಾಗೆ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಕಾರ್ಬೊನೇಟೇ ಅಗ್ಗ. ಇನ್ನೂ ಅಗ್ಗಕ್ಕೆ ಬೇಕಾದರೆ ಜನೌಷಧಿ ಕೇಂದ್ರ ಇದ್ದೇ ಇದೆ.

ಹಾಗಿದ್ದರೆ ಸಿಟ್ರೇಟ್ ಯಾಕೆ ಬೇಕು? ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಅದರ ಮೇಲೆ ನಿಂಬೆ ರಸ ಹಿಂಡಿ. ಬುಸುಬುಸು ಅಂತ ನೊರೆ ಬರುತ್ತದೆ. ಹುಳಿ ಸಿಕ್ಕಾಗ ಕಾರ್ಬೊನೇಟ್ ಒಡೆದು, ಗಾಳಿ ಹೊರಗೆ ಹೋಗಿ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಹೊಟ್ಟೆಯಲ್ಲೂ ಆಗುವುದು ಇದೇ. ಊಟ ಮಾಡಿದಾಗ ಹೊಟ್ಟೆಯಲ್ಲಿ ಆಮ್ಲ ಚೆನ್ನಾಗಿ ಸುರಿಯುತ್ತದೆ, ಕಾರ್ಬೊನೇಟ್ ಕರಗುತ್ತದೆ. ಕೆಲವರಿಗೆ ಇದರಿಂದ ಹೊಟ್ಟೆಯುಬ್ಬರ, ತೇಗು ಬರುವುದಕ್ಕೂ ಆ ಗಾಳಿಯೇ ಒಂದು ಕಾರಣ. ನಿಂಬೆಯ ಹುಳಿ ಅಂದರೆ ಸಿಟ್ರಿಕ್ ಆಮ್ಲ. ಸಿಟ್ರೇಟ್ ಮಾತ್ರೆ ಅಂದರೆ ಆ ಹುಳಿಯ ಜೊತೆ ಮೊದಲೇ ಬೆರೆತು ಬಂದ ಕ್ಯಾಲ್ಸಿಯಂ. ಅದಕ್ಕೆ ಹೊಟ್ಟೆಯ ಆಮ್ಲದ ಹಂಗು ಅಷ್ಟಿಲ್ಲ. ಖಾಲಿ ಹೊಟ್ಟೆಯಲ್ಲೂ ನಡೆಯುತ್ತದೆ.

ಹೊಟ್ಟೆಯಲ್ಲಿ ಆಮ್ಲ ಸರಿಯಾಗಿ ಬರುವವರು ಕಾರ್ಬೊನೇಟನ್ನು ಊಟದ ಜೊತೆ ತಗೊಂಡರೆ ಎರಡಕ್ಕೂ ದೊಡ್ಡ ವ್ಯತ್ಯಾಸವೇನೂ ಉಳಿಯುವುದಿಲ್ಲ. ತೊಂದರೆ ಇರುವುದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಗ್ಯಾಸಿನ ಮಾತ್ರೆ ದಿನಾ ನುಂಗುವವರಿಗೆ. ಆ ಮಾತ್ರೆಯ ಕೆಲಸವೇ ಆಮ್ಲ ಬರದ ಹಾಗೆ ಮಾಡುವುದು. ಬೆಳಗ್ಗೆ ಎದ್ದು ಆಮ್ಲ ನಿಲ್ಲಿಸಿ, ರಾತ್ರಿ ಆಮ್ಲ ಬೇಡುವ ಮಾತ್ರೆ ನುಂಗಿದರೆ ಏನು ಪ್ರಯೋಜನ? ವಯಸ್ಸಾದಮೇಲೆ ಕೆಲವರಿಗೆ ಆಮ್ಲ ತಾನಾಗಿಯೇ ಕಡಿಮೆಯಾಗುತ್ತದೆ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆದವರದ್ದೂ ಇದೇ ಪಾಡು. ಇಂಥವರಿಗೆ ಸಿಟ್ರೇಟಿಗೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥ ಇದೆ. ಕಾರ್ಬೊನೇಟಿನಿಂದ ಮಲಬದ್ಧತೆ ತಡೆಯಲಾರದಷ್ಟು ಆಗುವವರಿಗೂ ಅಷ್ಟೇ. ಮಿಕ್ಕವರಿಗೆ ಕಾರ್ಬೊನೇಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸಿಟ್ರೇಟ್ ಮಾರಿದರೆ ಅಂಗಡಿಗೆ ಲಾಭ ಜಾಸ್ತಿ, ಅದು ಬೇರೆ ಮಾತು.

ಟೀಚರಮ್ಮನಿಗೆ ಕೇಳಿದೆ, "ಈಗಿರುವ ಮಾತ್ರೆ ಹೇಗೆ ತಗೋತೀರಿ?" ಡಾಕ್ಟರ್ ಚೀಟಿಯಲ್ಲಿ ದಿನಕ್ಕೆ ಎರಡು ಅಂತ ಇತ್ತು. ಮರೆತುಹೋಗುತ್ತದೆ ಅಂತ ಎರಡನ್ನೂ ಒಟ್ಟಿಗೆ, ರಾತ್ರಿ ಹತ್ತಕ್ಕೆ ಮಲಗುವ ಮುಂಚೆ, ಒಂದು ಲೋಟ ನೀರಲ್ಲಿ ನುಂಗುತ್ತಿದ್ದರು. ಊಟ ಆಗುವುದು ಏಳೂವರೆಗೆ. ಒಂದೇ ಏಟಿಗೆ ಇದರಲ್ಲಿ ಮೂರು ತಪ್ಪು.

ಒಂದು, ಆಮ್ಲವಿಲ್ಲದ ಹೊಟ್ಟೆಗೆ ಕಾರ್ಬೊನೇಟ್. ಅದನ್ನು ಆಗಲೇ ಹೇಳಿದೆ.

ಎರಡನೆಯದು, 1000 ಮಿ.ಗ್ರಾಂ ಒಂದೇ ಸಲ. ಕ್ಯಾಲ್ಸಿಯಂ ಎಷ್ಟು ನುಂಗಿದರೆ ಅಷ್ಟೂ ಒಳಗೆ ಹೋಗುವುದಿಲ್ಲ. ಸಣ್ಣ ಕರುಳಿನ ಶುರುವಿನಲ್ಲಿ ವಿಟಮಿನ್ ಡಿ ಸಹಾಯದಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ಒಂದು ವ್ಯವಸ್ಥೆ ಇದೆ. ಬಸ್ಸಿನ ಬಾಗಿಲ ಹಾಗೆ ಅಂದುಕೊಳ್ಳಿ. ಹತ್ತು ಜನ ಬಂದರೆ ಸಲೀಸಾಗಿ ಹತ್ತುತ್ತಾರೆ. ಜಾತ್ರೆಯ ದಿನ ನೂರು ಜನ ನುಗ್ಗಿದರೆ ಬಹಳ ಜನ ಕೆಳಗೇ ಉಳಿಯುತ್ತಾರೆ. 300 ಮಿ.ಗ್ರಾಂ ತಗೊಂಡರೆ ಸುಮಾರು 36 ಪ್ರತಿಶತ ದೇಹಕ್ಕೆ ಸೇರುತ್ತದೆ. 1000 ತಗೊಂಡರೆ 28 ಪ್ರತಿಶತ. ಲೆಕ್ಕ ಹಾಕಿ ನೋಡಿ. ಮುನ್ನೂರರ ಹಾಗೆ ಮೂರು ಸಲ, ಒಟ್ಟು 900 ತಗೊಂಡವರಿಗೆ ಸೇರಿದ್ದು ಸುಮಾರು 324. ಒಂದೇ ಸಲ 1000 ನುಂಗಿದವರಿಗೆ 280. ಕಡಿಮೆ ತಿಂದವರಿಗೇ ಜಾಸ್ತಿ ಸಿಕ್ಕಿತು! ಅದಕ್ಕೇ ಒಂದು ಸಲಕ್ಕೆ 500 ಮೀರಬೇಡಿ ಅನ್ನುವುದು. ಈ ಮಾತು ಎರಡೂ ಲವಣಕ್ಕೆ ಅನ್ವಯಿಸುತ್ತದೆ. ಸಿಟ್ರೇಟ್ ಅಂತ ವಿನಾಯಿತಿ ಇಲ್ಲ. ಎರಡು ಡೋಸಿನ ನಡುವೆ ನಾಲ್ಕಾರು ಗಂಟೆ ಬಿಡುವುದು ಒಳ್ಳೆಯದು. ಊಟಕ್ಕೆ ಒಂದೊಂದು ಅಂತ ಜೋಡಿಸಿಕೊಂಡರೆ ಅಂತರ ತಾನಾಗಿಯೇ ಸಿಗುತ್ತದೆ.

ಮೂರನೆಯದು ಕಲ್ಲಿನ ವಿಷಯ. ಇದರಲ್ಲಿ ಜನರ ತಿಳಿವಳಿಕೆ ಬಹುಮಟ್ಟಿಗೆ ತಲೆಕೆಳಗಾಗಿದೆ. ಕಿಡ್ನಿಯಲ್ಲಿ ಕಲ್ಲಾದವರಿಗೆ ಹಾಲು ಬಿಡಿ, ಮೊಸರು ಬಿಡಿ ಅಂತ ಮನೆಯವರೆಲ್ಲ ಹೇಳುತ್ತಾರೆ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವುದು ನಿಜ. ಆದರೆ ಆಕ್ಸಲೇಟ್ ಬರುವುದು ಪಾಲಕ್, ಹರಿವೆ, ಕೆಸುವಿನೆಲೆ, ಬಾದಾಮಿ, ಗೋಡಂಬಿ, ಟೀ ಇಂಥವುಗಳಿಂದ. ಊಟದ ಜೊತೆ ಕ್ಯಾಲ್ಸಿಯಂ ಇದ್ದರೆ ಅದು ಕರುಳಲ್ಲೇ ಆಕ್ಸಲೇಟನ್ನು ಹಿಡಿದು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ್ದು ಮಲದಲ್ಲಿ ಹೋಗುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ಬಿಡುಬೀಸಾಗಿ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ.

2002ರಲ್ಲಿ ಇಟಲಿಯಿಂದ ಒಂದು ಅಧ್ಯಯನ ಬಂತು. ಮತ್ತೆ ಮತ್ತೆ ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿಮೆ ಮಾಡಿದ ಊಟ. ಇನ್ನೊಂದಕ್ಕೆ ಕ್ಯಾಲ್ಸಿಯಂ ಮಾಮೂಲಿಯಾಗಿ ದಿನಕ್ಕೆ 1200 ಮಿ.ಗ್ರಾಂ ಇಟ್ಟು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದರು. ಐದು ವರ್ಷದಲ್ಲಿ ಮತ್ತೆ ಕಲ್ಲಾದದ್ದು ಮೊದಲ ಗುಂಪಿನ 60ರಲ್ಲಿ 23 ಜನಕ್ಕೆ. ಎರಡನೆಯದರಲ್ಲಿ 12 ಜನಕ್ಕೆ. ಉಪ್ಪಿನ ಪಾಲು ಇದರಲ್ಲಿ ಎಷ್ಟು ಅಂತ ಬಿಡಿಸಿ ಹೇಳಲಾಗದು. ಆದರೆ ಕ್ಯಾಲ್ಸಿಯಂ ಕಡಿಮೆ ಮಾಡಿದ್ದರಿಂದ ಲಾಭವಾಗಲಿಲ್ಲ ಅನ್ನುವುದಂತೂ ಗೊತ್ತಾಯಿತು.

ಇದು ಊಟದ ಕ್ಯಾಲ್ಸಿಯಂ ಮಾತು. ಮಾತ್ರೆಯ ಕಥೆ ಅಷ್ಟು ಸುಲಭದ್ದಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 36,282 ಹೆಂಗಸರ ಮೇಲೆ ಏಳು ವರ್ಷ ನಡೆದ ದೊಡ್ಡ ಪ್ರಯೋಗದಲ್ಲಿ ಅರ್ಧ ಜನಕ್ಕೆ ಕಾರ್ಬೊನೇಟ್ ರೂಪದ 1000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರು. 2006ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ 449 ಜನಕ್ಕೆ ಕಲ್ಲು, ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡ ಉಳಿದರ್ಧದಲ್ಲಿ 381 ಜನಕ್ಕೆ. ಅಂದರೆ ಸುಮಾರು 17 ಪ್ರತಿಶತ ಹೆಚ್ಚು. ಈ ಹೆಂಗಸರಿಗೆ ಮೊದಲೇ ಸಾಕಷ್ಟು ಕ್ಯಾಲ್ಸಿಯಂ ಸಿಗುತ್ತಿತ್ತು, ಅದರ ಮೇಲೆ ಇದು. ಭಯಪಡುವಷ್ಟು ದೊಡ್ಡ ಅಂಕಿಯಲ್ಲ. ಕಡೆಗಣಿಸುವಂಥದ್ದೂ ಅಲ್ಲ.

ಈಗ ಟೀಚರಮ್ಮನ ರಾತ್ರಿ ಹತ್ತು ಗಂಟೆಯ ಮಾತ್ರೆಗೆ ಬನ್ನಿ. ಆ ಹೊತ್ತಿಗೆ ಊಟ ಹೊಟ್ಟೆಯಿಂದ ಬಹುಪಾಲು ಮುಂದೆ ಸಾಗಿರುತ್ತದೆ. ಕ್ಯಾಲ್ಸಿಯಂಗೆ ಕಟ್ಟಿಹಾಕಲು ಆಕ್ಸಲೇಟ್ ಸಿಗುವುದಿಲ್ಲ. ಸೇರಿದಷ್ಟು ರಕ್ತಕ್ಕೆ ಸೇರಿ, ಬೇಡದ್ದು ಮೂತ್ರಕ್ಕೆ ಇಳಿಯುತ್ತದೆ. ರಾತ್ರಿ ನೀರು ಕುಡಿಯುವುದಿಲ್ಲವಾದ್ದರಿಂದ ಮೂತ್ರ ಮೊದಲೇ ಗಟ್ಟಿ. ಕಲ್ಲು ಕಟ್ಟಿಕೊಳ್ಳಲು ಇದಕ್ಕಿಂತ ಅನುಕೂಲದ ಹೊತ್ತು ಬೇರೆ ಇಲ್ಲ.

ಸಿಟ್ರೇಟ್ ತಗೊಂಡರೆ ಕಲ್ಲಾಗುವುದೇ ಇಲ್ಲವೇ? ಮೂತ್ರದಲ್ಲಿ ಸಿಟ್ರೇಟ್ ಇದ್ದರೆ ಕಲ್ಲು ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ಕಲ್ಲಿಗೆ ಡಾಕ್ಟರ್ ಬರೆಯುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪಿನ ಗುಟ್ಟು ಅದೇ. ಕ್ಯಾಲ್ಸಿಯಂ ಸಿಟ್ರೇಟಿನಿಂದಲೂ ಮೂತ್ರದ ಸಿಟ್ರೇಟ್ ಸ್ವಲ್ಪ ಏರುತ್ತದೆ. ಆದರೆ ಮೂತ್ರದ ಕ್ಯಾಲ್ಸಿಯಂ ಕೂಡ ಏರುತ್ತದೆ. ಹಾಗಾಗಿ ಹಿಂದೆ ಕಲ್ಲಾದವರಿಗೆ ಸಿಟ್ರೇಟ್ ಸ್ವಲ್ಪ ವಾಸಿ ಅನ್ನಬಹುದು, ರಕ್ಷಾಕವಚ ಅನ್ನಬಾರದು. ಕಲ್ಲಾದವರು ಯಾವುದನ್ನೇ ತಗೊಳ್ಳಲಿ, ಊಟದ ಜೊತೆಯೇ ತಗೊಳ್ಳಬೇಕು. ಸಿಟ್ರೇಟ್ ಖಾಲಿ ಹೊಟ್ಟೆಗೂ ನಡೆಯುತ್ತದೆ ಅನ್ನುವ ಸವಲತ್ತು ಅವರಿಗಲ್ಲ. ಇನ್ನೊಂದು ಮಾತು. ಶುರು ಮಾಡುವ ಮುಂಚೆ ಒಂದು ಸಲ, ಶುರು ಮಾಡಿದ ಒಂದೆರಡು ತಿಂಗಳಿಗೆ ಇನ್ನೊಂದು ಸಲ, 24 ಗಂಟೆ ಮೂತ್ರ ಹಿಡಿದು ಪರೀಕ್ಷೆ ಮಾಡಿಸಬಹುದು. ಕ್ಯಾಲ್ಸಿಯಂ ಎಷ್ಟು ಹೋಗುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ದೊಡ್ಡ ಕ್ಯಾನು ಹಿಡಿದುಕೊಂಡು ಲ್ಯಾಬಿಗೆ ಹೋಗಲು ಮುಜುಗರ ಅಂತ ಯಾರೂ ಮಾಡಿಸುವುದಿಲ್ಲ.

ಕಿಡ್ನಿಯೇ ಸೋತಿರುವವರಿಗೆ ಈ ಲೆಕ್ಕ ಯಾವುದೂ ಅಲ್ಲ. ಅವರಿಗೆ ಕಾರ್ಬೊನೇಟನ್ನು ರಂಜಕ ಕಟ್ಟಿಹಾಕಲು ಕೊಡುವುದುಂಟು. ಸಿಟ್ರೇಟಿನಿಂದ ಅಲ್ಯುಮಿನಿಯಂ ಇರುವ ಆಂಟಾಸಿಡ್‌ಗಳ ವಿಷ ಜಾಸ್ತಿ ಒಳಗೆ ಹೋಗುವ ಅಪಾಯವೂ ಉಂಟು. ಅವರು ಕೌಂಟರಿನಲ್ಲಿ ಕೇಳಿ ಕೊಳ್ಳಲೇಬಾರದು.

ಇನ್ನು ಹೃದಯದ ಭಯ. ಇದಕ್ಕೆ ಮೂಲ ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿ 1471 ವಯಸ್ಸಾದ ಹೆಂಗಸರಿಗೆ ಐದು ವರ್ಷ ಕ್ಯಾಲ್ಸಿಯಂ ಅಥವಾ ಖಾಲಿ ಮಾತ್ರೆ ಕೊಟ್ಟಿದ್ದರು. ನೋಡಲು ಹೊರಟಿದ್ದು ಮೂಳೆಯನ್ನು. 2008ರಲ್ಲಿ ಲೆಕ್ಕ ತೆಗೆದಾಗ ಕ್ಯಾಲ್ಸಿಯಂ ಗುಂಪಿನಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿ ಕಂಡಿತು. ಆಸ್ಪತ್ರೆ ದಾಖಲೆಗಳನ್ನೂ ಸೇರಿಸಿ ನೋಡಿದಾಗ ಆ ಅಂತರ ಕಿರಿದಾಯಿತು. 2010ರಲ್ಲಿ ಅದೇ ತಂಡ ಸುಮಾರು 12,000 ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ, ಅಪಾಯ 30 ಪ್ರತಿಶತದಷ್ಟು ಹೆಚ್ಚು ಅಂದಿತು. ಪತ್ರಿಕೆಗಳಲ್ಲಿ ಬಂದದ್ದು, ಟೀಚರಮ್ಮನ ಕಿವಿಗೆ ಬಿದ್ದದ್ದು ಇದೇ ಇರಬೇಕು.

ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ಆಕ್ಲೆಂಡಿನಲ್ಲಿ ಕೊಟ್ಟದ್ದು ಸಿಟ್ರೇಟ್! "ಹಾರ್ಟಿಗೆ ಒಳ್ಳೇದು ಅಂತ ಸಿಟ್ರೇಟ್ ಕೊಡಿ" ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಾರ್ಬೊನೇಟ್ ಕೊಟ್ಟ ಆ 36,282 ಹೆಂಗಸರ ಪ್ರಯೋಗದಲ್ಲಿ ಒಟ್ಟಾರೆ ಹಾರ್ಟ್ ಅಟ್ಯಾಕ್ ಏರಲಿಲ್ಲ. ಹಾಗಂತ ಕಾರ್ಬೊನೇಟ್ ಸುರಕ್ಷಿತ, ಸಿಟ್ರೇಟ್ ಅಪಾಯ ಅಂತ ಅರ್ಥ ಅಲ್ಲ. ಲವಣದ ಹೆಸರಿನಿಂದ ಹೃದಯದ ಪ್ರಶ್ನೆ ತೀರ್ಮಾನವಾಗುವುದಿಲ್ಲ, ಅಷ್ಟೇ. 2016ರಲ್ಲಿ ಅಮೆರಿಕದ ಮೂಳೆ ತಜ್ಞರ ಮತ್ತು ಹೃದಯ ತಜ್ಞರ ಸಂಘಗಳು ಎಲ್ಲವನ್ನೂ ಕೂಡಿಸಿ ನೋಡಿ, ಊಟ ಮತ್ತು ಮಾತ್ರೆ ಸೇರಿ ದಿನಕ್ಕೆ 2000-2500 ಮಿ.ಗ್ರಾಂ ಮೀರದಿದ್ದರೆ ಹೃದಯಕ್ಕೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಅಂದವು. ಎಲ್ಲರೂ ಇದನ್ನು ಒಪ್ಪಿಲ್ಲ.

ಭಯದ ಹಿಂದಿನ ತರ್ಕ ಹೀಗಿದೆ. ಒಂದು ಲೋಟ ಹಾಲಿನ ಕ್ಯಾಲ್ಸಿಯಂ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ದೊಡ್ಡ ಮಾತ್ರೆ ನುಂಗಿದರೆ ಕೆಲವು ಗಂಟೆ ರಕ್ತದ ಕ್ಯಾಲ್ಸಿಯಂ ಮಟ್ಟ ಸ್ವಲ್ಪ ಎದ್ದು ನಿಲ್ಲುತ್ತದೆ. ಈ ಏರಿಳಿತವೇ ರಕ್ತನಾಳಕ್ಕೆ ತೊಂದರೆ ಮಾಡುತ್ತದೆ ಅನ್ನುವುದು ಊಹೆ, ಸಾಬೀತಾಗಿಲ್ಲ. ಆದರೂ ಡೋಸು ಸಣ್ಣದು ಮಾಡಿ ಊಟದ ಜೊತೆ ತಗೊಳ್ಳುವುದಕ್ಕೆ ನಮಗೆ ಬೇರೆ ಎರಡು ಕಾರಣ ಆಗಲೇ ಸಿಕ್ಕಿವೆ. ಇದು ಮೂರನೆಯದು ಅಂತ ಸೇರಿಸಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಹಾಗಾದರೆ ಟೀಚರಮ್ಮನಿಗೆ ಎಷ್ಟು ಮಾತ್ರೆ ಬೇಕಿತ್ತು? ಚೀಟಿಯ ಹಿಂಭಾಗದಲ್ಲಿ ಅವರ ಒಂದು ದಿನದ ಊಟ ಬರೆದೆವು. ಅವರ ವಯಸ್ಸಿಗೆ ದಿನಕ್ಕೆ 1200 ಮಿ.ಗ್ರಾಂ ಗುರಿ ಅಂದುಕೊಳ್ಳಿ. ಎರಡು ಹೊತ್ತಿನ ಕಾಫಿಗೆ ಒಟ್ಟು 200 ಎಂಎಲ್ ಹಾಲು, ಅದರಿಂದ 240. ಮಧ್ಯಾಹ್ನ ಒಂದು ಬಟ್ಟಲು ಮೊಸರು, ಸುಮಾರು 200. ರಾತ್ರಿ ಒಂದು ಮುದ್ದೆ, ಅದಕ್ಕೆ 75 ಗ್ರಾಂ ರಾಗಿ ಹಿಟ್ಟು ಅಂದರೆ 270. ರಾಗಿಯದ್ದು ಹಾಲಿನಷ್ಟು ಚೆನ್ನಾಗಿ ಸೇರುವುದಿಲ್ಲ, ಅದಕ್ಕೆ ಸ್ವಲ್ಪ ಕಳೆದು 200 ಅಂತಲೇ ಹಿಡಿದೆವು. ಬೇಳೆ, ಸೊಪ್ಪು, ತರಕಾರಿಯಿಂದ ಒಂದು 150. ಕೂಡಿದರೆ 790. ಕೊರತೆ ಸುಮಾರು 400. ಅವರು ನುಂಗುತ್ತಿದ್ದದ್ದು 1000!

"ಅಂದ್ರೆ ಇಷ್ಟು ವರ್ಷ ಸುಮ್ನೆ ಜಾಸ್ತಿ ನುಂಗಿದ್ನಾ?" ಅಂದರು. ಹೌದು. ಅದರಲ್ಲೂ ಬಹುಪಾಲು ಕರಗಿದ್ದೂ ಅನುಮಾನ.

ಡೋಸು ಬದಲಿಸುವುದು ನನ್ನ ಕೆಲಸ ಅಲ್ಲ. ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ ಬರಲು ಹೇಳಿದೆ. ಅವರು ಒಪ್ಪಿ ಬರೆದುಕೊಟ್ಟದ್ದು ಮಗ ತಂದಿದ್ದ ಸಿಟ್ರೇಟ್ ಮ್ಯಾಲೇಟನ್ನೇ, ಮಧ್ಯಾಹ್ನದ ಊಟಕ್ಕೊಂದು, ರಾತ್ರಿ ಊಟಕ್ಕೊಂದು. 250ರ ಹಾಗೆ ಎರಡು, ಒಟ್ಟು 500. ದಿನಾ ಗ್ಯಾಸಿನ ಮಾತ್ರೆ ಮತ್ತು ಹಳೆಯ ಕಲ್ಲು, ಎರಡೂ ಇದ್ದಿದ್ದರಿಂದ ಇಲ್ಲಿ ದುಬಾರಿಯದ್ದೇ ಗೆದ್ದಿತು. ಬೆಳಗಿನ ತಿಂಡಿಗೆ ಯಾಕಿಲ್ಲ? ಥೈರಾಯ್ಡ್ ಮಾತ್ರೆಯನ್ನು ಅವರು ಆರಕ್ಕೆ ತಗೊಳ್ಳುತ್ತಾರೆ, ತಿಂಡಿ ಎಂಟೂವರೆಗೆ. ಕ್ಯಾಲ್ಸಿಯಂ ಆ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತದೆ, ನಡುವೆ ನಾಲ್ಕು ಗಂಟೆ ಬೇಕು. ಇದು ಗೊತ್ತಿಲ್ಲದೆ ಥೈರಾಯ್ಡ್ ಡೋಸನ್ನು ಏರಿಸುತ್ತಾ ಹೋದವರನ್ನು ನಾನು ನೋಡಿದ್ದೇನೆ. ಕಬ್ಬಿಣದ ಮಾತ್ರೆಗೂ, ಸಿಪ್ರೊಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್‌ಗೂ ಕ್ಯಾಲ್ಸಿಯಂ ಜೊತೆ ಇದೇ ಜಗಳ.

ಮನೆಯಲ್ಲಿ ಉಳಿದಿದ್ದ ಕಾರ್ಬೊನೇಟ್ ಮಾತ್ರೆಯನ್ನು ಏನು ಮಾಡಲಿ ಅಂತ ಕೇಳಿದರು. ಅವರ ಸೊಸೆಗೆ ಡಾಕ್ಟರ್ ಬರೆದಿದ್ದದ್ದೂ ಅದೇ, ಅವಳಿಗೆ ಗ್ಯಾಸಿನ ಮಾತ್ರೆ ಏನೂ ಇಲ್ಲ. ಊಟದ ಜೊತೆ ತಗೊಳ್ಳಲಿ ಅಂದೆ. ಮಾತ್ರೆಯ ಗುಣಮಟ್ಟದ ಮೇಲೆ ಅನುಮಾನ ಇದ್ದರೆ ಒಂದನ್ನು ಸಣ್ಣ ಲೋಟದಲ್ಲಿ ಬಿಳಿ ವಿನೆಗರ್‌ಗೆ ಹಾಕಿ, ಆಗಾಗ ಕದಡುತ್ತಾ ಅರ್ಧ ಗಂಟೆ ಬಿಟ್ಟು ನೋಡಿ. ಒಡೆದು ಪುಡಿಯಾದರೆ ಸರಿ. ಕಲ್ಲಿನ ಹಾಗೆ ಕೂತಿದ್ದರೆ ಹೊಟ್ಟೆಯಲ್ಲೂ ಕೂರುವ ಸಾಧ್ಯತೆ ಇದೆ.

ಹೊರಡುವಾಗ ಟೀಚರಮ್ಮ ಚೀಲದಿಂದ ಇನ್ನೊಂದು ಪೊಟ್ಟಣ ತೆಗೆದರು. ವಿಟಮಿನ್ ಡಿ, 60,000 ಯೂನಿಟ್ಟಿನದ್ದು. "ಇದೂ ಮುಗೀತು, ಒಂದು ಎಂಟು ಕೊಡು." ಯಾವಾಗಿಂದ ಅಂತ ಕೇಳಿದೆ. ಎಂಟು ವಾರಕ್ಕೆ ಅಂತ ಬರೆದಿದ್ದನ್ನು ವಾರವಾರ ತಪ್ಪದೆ ಒಂಬತ್ತು ತಿಂಗಳಿಂದ ತಗೊಳ್ಳುತ್ತಿದ್ದರು. ಬಸ್ಸಿನ ಬಾಗಿಲು ಅಗಲ ಮಾಡುವುದೇ ಈ ವಿಟಮಿನ್. ಅತಿಯಾದರೆ ರಕ್ತದಲ್ಲೂ ಮೂತ್ರದಲ್ಲೂ ಕ್ಯಾಲ್ಸಿಯಂ ಏರುತ್ತದೆ, ಆಗ ಯಾವ ಲವಣ ಆರಿಸಿದರೂ ಅಷ್ಟೇ. ಬಾಯಾರಿಕೆ ಜಾಸ್ತಿಯಾ, ವಾಕರಿಕೆ, ಮಲಬದ್ಧತೆ, ಮಂಕು ಏನಾದರೂ ಇದೆಯಾ ಅಂತ ಕೇಳಿದೆ. ಮಲಬದ್ಧತೆ ಇದೆ, ಅದು ಕ್ಯಾಲ್ಸಿಯಂ ಮಾತ್ರೆಯದ್ದು ಅಂದುಕೊಂಡಿದ್ದೆ ಅಂದರು. ಪೊಟ್ಟಣ ಕೊಡಲಿಲ್ಲ. ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎರಡನ್ನೂ ಪರೀಕ್ಷೆ ಮಾಡಿಸಿ ಅಂತ ಅದೇ ಚೀಟಿಯ ಕೆಳಗೆ ಬರೆದು, ಸಂಜೆಯೇ ಡಾಕ್ಟರ ಹತ್ತಿರ ಕಳಿಸಿದೆ.